ಎರಡನೇ ತಾರೀಖಿನ ಕಂತು

ನಮ್ಮ ಯಜಮಾನರಿಗೆ ಊರೆಲ್ಲ ಇಟ್ಟ ಹೆಸರು ‘ಕಡಕ್’. ಅವರು ಗಂಜಿ ಹಾಕಿ ಇಸ್ತ್ರಿ ಮಾಡಿದ ಅಂಗಿಯನ್ನು ನೆಲದ ಮೇಲೆ ನಿಲ್ಲಿಸಿದರೆ ನಿಲ್ಲುತ್ತದೆ ಎಂದು ಗಿರಾಕಿಗಳು ತಮಾಷೆ ಮಾಡುತ್ತಿದ್ದರು. ಸ್ವಭಾವವೂ ಅಷ್ಟೇ ಕಡಕ್. ಅಂಗಡಿಯ ಬಾಡಿಗೆಯಾಗಲಿ, ಸಾಬೂನಿನವನ ಬಾಕಿಯಾಗಲಿ, ಕೇಳುವ ಮೊದಲೇ ಕೊಟ್ಟುಬಿಡಬೇಕು. ಯಾರಾದರೂ ಬಾಗಿಲಿಗೆ ಬಂದು ದುಡ್ಡು ಕೇಳಿದರೆ ಇವರಿಗೆ ಆ ದಿನ ಊಟ ಸೇರುತ್ತಿರಲಿಲ್ಲ. ನನಗೋ, ಕೇಳಿದಾಗ ಕೊಟ್ಟರಾಯಿತು ಎನ್ನುವ ಜಾಯಮಾನ. ಎತ್ತು ಏರಿಗೆ, ಕೋಣ ನೀರಿಗೆ. ಹೀಗೇ ಇಪ್ಪತ್ತೇಳು ವರ್ಷ ಎಳೆದಿದ್ದೇವೆ.

ನಮ್ಮದು ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ. ಮುಂದೆ ಕೌಂಟರು, ಹಿಂದೆ ಒಂದೇ ಕಿಟಕಿಯ ಉದ್ದನೆಯ ಕೋಣೆ. ಆ ಕೋಣೆಯಲ್ಲಿ ದೊಡ್ಡ ಒಗೆಯುವ ಯಂತ್ರ, ಒಣಗಿಸುವ ಯಂತ್ರ, ಆವಿಯ ಇಸ್ತ್ರಿಯ ಮೇಜು. ಮೂರನ್ನೂ ಬ್ಯಾಂಕಿನ ಸಾಲದಲ್ಲಿ ತಂದದ್ದು. ಆರು ಲಕ್ಷ, ಐದು ವರ್ಷ, ಶೇಕಡಾ ಹನ್ನೆರಡು ಬಡ್ಡಿ. ಸಾಲ ತೀರುವವರೆಗೆ ಯಂತ್ರಗಳು ಬ್ಯಾಂಕಿನ ಅಡವು. ಅಂಗಡಿ ಬಿಟ್ಟು ಕದಲಿಸುವ ಹಾಗಿಲ್ಲ.

ಅವರಿಗೆ ಕೆಮ್ಮು ಶುರುವಾಗಿ ಎರಡು ವರ್ಷವಾಗಿತ್ತು. ಮೊದಲು ನೆಗಡಿ ಎಂದರು, ಆಮೇಲೆ ಧೂಳು ಎಂದರು, ಕೊನೆಗೆ ಏನೂ ಅನ್ನದೆ ಕೆಮ್ಮಿದರು. ನಾನೇ ಎಳೆದುಕೊಂಡು ಹೋದಾಗ ಎದೆಯ ಡಾಕ್ಟರು ಎಕ್ಸ್-ರೇ ಫೋಟೋವನ್ನು ಬೆಳಕಿಗೆ ಹಿಡಿದು ನೋಡಿ, “ಆ ಆವಿ, ಆ ಕಲೆ ತೆಗೆಯೋ ಔಷಧಿ ವಾಸನೆ, ಎರಡನ್ನೂ ಬಿಡ್ಬೇಕು. ಕಡಿಮೆ ಮಾಡೋದಲ್ಲ, ಬಿಡೋದು. ಇನ್ನೊಂದು ವರ್ಷ ಅಲ್ಲೇ ನಿಂತ್ರೆ ನನ್ನ ಮೆಟ್ಟಿಲು ಹತ್ತೋಕೂ ನಿಮ್ಗೆ ಉಸಿರು ಇರಲ್ಲ” ಎಂದರು. ಇವರು ಹೊರಗೆ ಬಂದು, “ಡಾಕ್ಟರ ಅಂಗಿ ಕಾಲರ್ ನೋಡಿದ್ಯಾ? ಯಾರೋ ಹಾಳು ಮಾಡಿದಾರೆ” ಎಂದರು.

ಆ ಹೊತ್ತಿಗೆ ಸರಿಯಾಗಿ ಅಂಗಡಿಯ ಕರಾರು ಮುಗಿಯುತ್ತಿತ್ತು. ಕಟ್ಟಡದ ಮಾಲೀಕರು ಖಡಾಖಂಡಿತವಾಗಿ ಹೇಳಿದರು: ಹತ್ತನೇ ತಾರೀಖಿಗೆ ಕೋಣೆ ಖಾಲಿ ಮಾಡಿ ಕೀಲಿ ಕೊಡಿ, ಇಲ್ಲವೇ ಇನ್ನು ಮೂರು ವರ್ಷಕ್ಕೆ ಸಹಿ ಹಾಕಿ. ಬಸ್ ನಿಲ್ದಾಣದ ಹತ್ತಿರದ ಲಾಡ್ಜಿನವರು ನಮ್ಮ ಯಂತ್ರಗಳನ್ನು ಕೇಳಿಕೊಂಡು ಬಂದಿದ್ದರು. ಅವರಿಗೆ ದಿನಾ ರಾಶಿ ಹಾಸಿಗೆ ಹೊದಿಕೆ ಒಗೆಯುವುದಿರುತ್ತದೆ. ಎರಡು ಲಕ್ಷ ನಲವತ್ತಾರು ಸಾವಿರಕ್ಕೆ ಮಾತಾಯಿತು. ದುಡ್ಡನ್ನು ಅವರು ನೇರ ಬ್ಯಾಂಕಿಗೇ ಕಟ್ಟುತ್ತಾರೆ, ಸಾಲ ತೀರಿದೆ ಎಂಬ ಪತ್ರ ಕೈಗೆ ಬಂದ ಮೇಲೆ ಯಂತ್ರ ಎತ್ತುತ್ತಾರೆ. ನಾನು ಮನೆಯಲ್ಲಿ ಕೂತು ಲೆಕ್ಕ ಹಾಕಿದ್ದೆ. ಸಾಲ ಕೊಟ್ಟ ದಿನ ಬ್ಯಾಂಕಿನವರು ಕೊಟ್ಟ ಕಂತಿನ ಪಟ್ಟಿ ನನ್ನ ಹತ್ತಿರ ಇತ್ತು. ನಲವತ್ತನೇ ಕಂತು ಕಟ್ಟಿದ ಮೇಲೆ ಉಳಿಯುವ ಅಸಲು, ಮುಂಚೆಯೇ ಮುಚ್ಚುವುದಕ್ಕೆ ಕರಾರಿನಲ್ಲಿರುವ ಶೇಕಡಾ ಎರಡರ ಶುಲ್ಕ, ನಾಲ್ಕಾರು ದಿನದ ಬಡ್ಡಿ, ಎಲ್ಲ ಸೇರಿ ಆ ದುಡ್ಡಿನೊಳಗೆ ಮುಗಿಯುತ್ತಿತ್ತು. ಮೇಲೆ ಏನೂ ಉಳಿಯದು. ಉಳಿಯದಿದ್ದರೂ ಪರವಾಗಿಲ್ಲ, ಇವರ ಎದೆಯಲ್ಲಿ ಒಂದಿಷ್ಟು ಗಾಳಿ ಉಳಿದರೆ ಸಾಕು ಅಂತ ನಾನಿದ್ದೆ.

ಏಳನೇ ತಾರೀಖು ಸಂಜೆ ಇವರು ಬ್ಯಾಂಕಿನಿಂದ ಫೋರ್‌ಕ್ಲೋಸರ್ ಸ್ಟೇಟ್‌ಮೆಂಟ್ ತಂದರು. ಸಾಲವನ್ನು ಇಂಥ ದಿನ ಮುಚ್ಚಬೇಕಾದರೆ ಇಷ್ಟು ಕಟ್ಟಬೇಕು ಎಂದು ಬ್ಯಾಂಕು ಕೊಡುವ ಒಂದು ಹಾಳೆಯ ಲೆಕ್ಕ ಅದು. ಬಟ್ಟೆ ಮಡಚುವ ಮೇಜಿನ ಮೇಲೆ ಅದನ್ನು ಹರಡಿ ಕೆಳಗಿನ ಸಾಲು ಮೊದಲು ನೋಡಿದೆ. ಕಣ್ಣುಜ್ಜಿಕೊಂಡು ಇನ್ನೊಮ್ಮೆ ನೋಡಿದೆ. ಎರಡು ಲಕ್ಷ ಅರವತ್ತೆರಡು ಸಾವಿರದ ಮುನ್ನೂರ ಐದು.

“ರೀ, ಇದು ನಮ್ಮದೇನಾ?”

“ಹೆಸರು ನೋಡು.”

ಹೆಸರು ನಮ್ಮದೇ. ಹದಿನಾರು ಸಾವಿರ ಹೆಚ್ಚು. ಡಾಕ್ಟರಿಗೆ, ಔಷಧಿಗೆ, ಸ್ಕ್ಯಾನಿಗೆ ಸುರಿದು ನಮ್ಮ ಖಾತೆ ತೊಳೆದಿಟ್ಟ ಪಾತ್ರೆಯ ಹಾಗಿತ್ತು. ಸಾಲ ತೀರಿಸುವುದಕ್ಕೆ ಇನ್ನೊಂದು ಸಾಲ ಮಾಡೋಣವೆಂದರೆ ಎರಡು ದಿನದಲ್ಲಿ ನಮಗೆ ಯಾರು ಕೊಡುತ್ತಾರೆ?

ಇವರು ಬೆಂಚಿನ ಮೇಲೆ ಕೂತು ಬೂಟಿನ ದಾರ ಬಿಚ್ಚುತ್ತಾ, “ಮೂರು ವರ್ಷಕ್ಕೆ ಸಹಿ ಹಾಕಿಬಿಡೋಣ ಬಿಡು. ನನಗೇನಾಗಿದೆ?” ಎಂದರು. ಹೇಳಿ ಮುಗಿಸುವಷ್ಟರಲ್ಲಿ ಕೆಮ್ಮು ಬಂತು. ಕೆಮ್ಮು ನಿಂತ ಮೇಲೂ ಉಸಿರು ಜಾಗಕ್ಕೆ ಬರುವುದಕ್ಕೆ ತುಂಬ ಹೊತ್ತು ಹಿಡಿಯಿತು. ನನಗೆ ಸಿಟ್ಟು ಬಂತು. ಆ ಸಿಟ್ಟು ಅವರ ಮೇಲೋ, ಬ್ಯಾಂಕಿನ ಮೇಲೋ, ಆ ಯಂತ್ರಗಳ ಮೇಲೋ ತಿಳಿಯದೆ ಹಾಳೆಯ ಮೇಲೆ ತಿರುಗಿಸಿದೆ.

ಸಾಲುಸಾಲಾಗಿ ನೋಡಿದೆ. ಮೊದಲನೆಯದು ಅಸಲು: ಎರಡು ಲಕ್ಷ ಐವತ್ತು ಸಾವಿರದ ಆರುನೂರ ಐವತ್ತಾರು. ನನ್ನ ಪಟ್ಟಿಯಲ್ಲಿ ನಲವತ್ತನೇ ಕಂತಿನ ಎದುರು ಇರುವುದು ಎರಡು ಲಕ್ಷ ನಲವತ್ತು ಸಾವಿರದ ಎಂಟುನೂರ ನಲವತ್ತೊಂಬತ್ತು. ಕಂತು ಒಂದೂ ತಪ್ಪಿಲ್ಲ ಎಂದ ಮೇಲೆ ಅಸಲು ಪಟ್ಟಿಯಂತೆಯೇ ಇರಬೇಕು. ಇದು ಒಂಬತ್ತು ಸಾವಿರಕ್ಕೂ ಮೇಲೆ ಉಬ್ಬಿತ್ತು. ಎರಡನೆಯದು ಬಡ್ಡಿ: ಸಾವಿರದ ಇನ್ನೂರ ಮೂವತ್ತಾರು. ಕೊನೆಯ ಕಂತಿನ ದಿನ ಐದನೇ ತಾರೀಖು, ಅಲ್ಲಿಂದ ಈಚೆಗಿನ ಬಡ್ಡಿ ಮಾತ್ರ ಬರಬೇಕು. ದಿನಕ್ಕೆ ಎಂಬತ್ತು ರೂಪಾಯಿಯ ಆಸುಪಾಸು. ಹಾಗಾದರೆ ಬ್ಯಾಂಕಿನವರು ಎಷ್ಟು ದಿನಕ್ಕೆ ಹಾಕಿದ್ದಾರೆ? ಮೇಲೆ ಸಣ್ಣ ಅಕ್ಷರದಲ್ಲಿತ್ತು: ಮುಕ್ತಾಯದ ದಿನಾಂಕ ಇಪ್ಪತ್ತು.

“ಇಪ್ಪತ್ತು ಯಾಕೆ? ನಾವು ಒಂಬತ್ತಕ್ಕೆ ತಾನೆ ಕಟ್ಟೋದು?”

“ಯಾವ ದಿನ ಅಂತ ಅವರು ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ.”

“ಅಂಗಿ ಗುಂಡಿ ಒಂದು ಹೋದ್ರೆ ಗಿರಾಕಿಗೆ ಮೂರು ಸಲ ಹೇಳ್ತೀರಿ. ಇದನ್ನ ಹೇಳೋಕೆ ಬಾಯಿ ಬರ್ಲಿಲ್ವಾ?”

ನಾನು ಮೂರನೆಯ ಸಾಲಿಗೆ ಬಂದೆ. ಅಲ್ಲಿ ನಿಂತೆ. ತಡ ಪಾವತಿಯ ದಂಡ: ಐದು ಸಾವಿರದ ನಾನೂರು.

ದಂಡ! ನಮ್ಮ ಕಡಕ್ ಯಜಮಾನರಿಗೆ ತಡದ ದಂಡ! ನನಗೆ ನಗು ಬರಬೇಕಿತ್ತು, ಬರಲಿಲ್ಲ. ಕಂತು ಪ್ರತಿ ಐದನೇ ತಾರೀಖು ನಮ್ಮ ಉಳಿತಾಯ ಖಾತೆಯಿಂದ ತಾನಾಗಿ ಕಡಿತವಾಗುವಂತೆ ಮೊದಲ ದಿನವೇ ಬರೆದುಕೊಟ್ಟಿದ್ದೆವು. ವಾರವಾರದ ಗಳಿಕೆ ನಾನೇ ಖಾತೆಗೆ ತುಂಬುತ್ತಿದ್ದೆ. ಪಾಸ್‌ಬುಕ್ಕಿನಲ್ಲಿ ತಿಂಗಳು ತಿಂಗಳೂ ಕಂತಿನ ಮೊತ್ತ ಪೈಸೆ ಹೆಚ್ಚುಕಡಿಮೆಯಿಲ್ಲದೆ ಹೋಗಿತ್ತು. ತಾರೀಖು ನೋಡುವ ಅಭ್ಯಾಸ ನನಗಿಲ್ಲ, ಮೊತ್ತ ಸರಿ ಇದ್ದರೆ ಮುಗಿಯಿತು.

“ಬ್ಯಾಂಕಿನೋರ್ದೇ ತಪ್ಪು,” ಎಂದೆ. “ನಾಳೆ ಹೋಗಿ ಜಾಡಿಸ್ತೀನಿ.”

“ನೀನ್ಯಾಕೆ? ನಾನೇ ಹೋಗ್ತೀನಿ.”

“ನೀವು ಹೋಗಿ ತಂದಿದ್ದು ನೋಡಿದ್ನಲ್ಲ.”

ಇವರ ಮುಖ ಸಪ್ಪಗಾಯಿತು. ನಾನು ಅದನ್ನು ಆಯಾಸ ಎಂದುಕೊಂಡೆ.

ಎಂಟನೇ ತಾರೀಖು ಬೆಳಿಗ್ಗೆ ಅಂಗಡಿಗೆ ಬೀಗ ಹಾಕಿ ಇಬ್ಬರೂ ಹೊರಟೆವು. ಮೂರು ಬೀದಿ ದಾಟುವುದರೊಳಗೆ ಇವರು ಎರಡು ಕಡೆ ನಿಂತರು. ಒಂದು ಕಡೆ ಪೇಪರ್ ಅಂಗಡಿಯ ಮುಂದೆ ಓದುವವರ ಹಾಗೆ, ಇನ್ನೊಂದು ಕಡೆ ಕಂಬಕ್ಕೆ ಕೈ ಕೊಟ್ಟು ಯಾರಿಗೋ ಕಾಯುವವರ ಹಾಗೆ. ಬ್ಯಾಂಕಿನ ಗಾಜಿನ ಬಾಗಿಲು ತೆಗೆದ ಕಾವಲಿನವನು ಇವರನ್ನು ನೋಡಿ ಬಾಯ್ತುಂಬ ನಕ್ಕ.

“ಬನ್ನಿ ಕಡಕ್ ಯಜಮಾನ್ರೇ! ಏನು, ಇವತ್ತು ಎಂಟಲ್ವಾ? ನಿಮ್ಮ ತಾರೀಖು ಮುಗೀತಲ್ಲ!”

ಇವರು ಕೈ ಅಡ್ಡ ಮಾಡಿ ಮುಂದೆ ಹೋದರು. ನನಗೆ ವಿಚಿತ್ರವೆನಿಸಿತು. ಆದರೆ ಒಳಗೆ ಹೆಜ್ಜೆ ಇಟ್ಟ ಕೂಡಲೇ ಹೊರಗಿನ ಸೆಕೆಯೆಲ್ಲ ಹಿಂದೆ ಉಳಿದು ತಣ್ಣನೆಯ ಗಾಳಿ ಮುಖಕ್ಕೆ ಬಡಿದದ್ದರಿಂದ ಆ ಮಾತು ಅಲ್ಲಿಗೇ ಮರೆತೆ.

ಸಾಲದ ಮೇಜಿನ ಹಿಂದೆ ಇದ್ದ ಮೇಡಂ ನನ್ನ ವಯಸ್ಸಿನವರೇ. ಮೇಜಿನ ಮೇಲೆ ಫೈಲುಗಳ ಗುಡ್ಡೆ, ಪಕ್ಕದಲ್ಲಿ ಆರಿ ಕೆನೆಗಟ್ಟಿದ ಚಹಾ. ಜಗಳಕ್ಕೆ ಸೊಂಟ ಕಟ್ಟಿಕೊಂಡು ಹೋಗಿದ್ದ ನನಗೆ ಆ ಚಹಾ ನೋಡಿ ದನಿ ಏರಿಸಲು ಮನಸ್ಸಾಗಲಿಲ್ಲ. ನನ್ನ ಹಳೆಯ ಪಟ್ಟಿಯನ್ನೂ ಅವರ ಹಾಳೆಯನ್ನೂ ಅಕ್ಕಪಕ್ಕ ಇಟ್ಟೆ.

“ಮೇಡಂ, ಅಸಲು ಕೂಡಲ್ಲ. ಬಡ್ಡಿ ಇಪ್ಪತ್ತರವರೆಗೆ ಹಾಕಿದೀರಿ, ನಾವು ಕಟ್ಟೋದು ನಾಳೆ. ದಂಡ ಅಂತೂ ಯಾಕೆ ಅಂತಾನೇ ಗೊತ್ತಾಗ್ಲಿಲ್ಲ.”

ಅವರು ಹಾಳೆ ನೋಡಿದರು. “ತಾರೀಖು ಹೇಳದೆ ಕೇಳಿದ್ರೆ ಕಂತಿನ ದಿನದಿಂದ ಹದಿನೈದು ದಿನ ಮುಂದಿನ ತಾರೀಖು ಹಾಕಿ ಕೊಡ್ತೀವಮ್ಮ. ಆ ದಿನದವರೆಗೂ ಬಡ್ಡಿ ಬರುತ್ತೆ. ನಾಳೆಗೆ ಅಂದ್ರೆ ನಾಲ್ಕೇ ದಿನದ ಬಡ್ಡಿ. ಅದು ಸುಲಭ. ಆದ್ರೆ ದುಡ್ಡು ನಾಳೇನೇ ಬಂದು ಬೀಳ್ಬೇಕು. ಒಂದು ದಿನ ತಡ ಆದ್ರೂ ಆ ದಿನದ ಬಡ್ಡಿ ಬಾಕಿ ಉಳಿದು ಖಾತೆ ಮುಚ್ಚಲ್ಲ.” ಆಮೇಲೆ ಕಂಪ್ಯೂಟರಿನ ಕಡೆ ತಿರುಗಿದರು. “ದಂಡ ಯಾಕೆ ಅಂತ ನೋಡೋಣ.”

ನೋಡಿದರು. ಕನ್ನಡಕ ಹಣೆಗೇರಿಸಿ ಇನ್ನಷ್ಟು ಹತ್ತಿರದಿಂದ ನೋಡಿದರು. ಮತ್ತೆ ನಮ್ಮಿಬ್ಬರ ಮುಖ ನೋಡಿದರು.

“ಇದೇನಮ್ಮಾ ಇದು? ಪ್ರತಿ ಎರಡನೇ ತಾರೀಖು ನಿಮ್ಮ ಉಳಿತಾಯ ಖಾತೆಯಿಂದ ಕಂತಿನ ದುಡ್ಡು ತೆಗೆದಿದಾರೆ. ಅದನ್ನೇ ತಗೊಂಡು ಪಕ್ಕದ ಕೌಂಟರಲ್ಲಿ ಸಾಲದ ಖಾತೆಗೆ ಕೈಯಲ್ಲಿ ಕಟ್ಟಿದಾರೆ. ಐದನೇ ತಾರೀಖು ನಮ್ಮ ಮಿಷನ್ನು ಮಾಮೂಲಿನಂತೆ ಕಂತು ತಗೊಳ್ಳೋಕೆ ಉಳಿತಾಯ ಖಾತೆಗೆ ಹೋಗಿದೆ. ಅಲ್ಲಿ ದುಡ್ಡಿಲ್ಲ. ಕಡಿತ ಆಗ್ಲಿಲ್ಲ ಅಂತ ಐನೂರು ರೂಪಾಯಿ ಶುಲ್ಕ ಹಾಕಿದೆ.”

“ಐನೂರು?”

“ಪ್ರತಿ ತಿಂಗಳೂ. ಕೈಯಲ್ಲಿ ಕಟ್ಟಿದ ದುಡ್ಡು ಐದನೇ ತಾರೀಖಿನವರೆಗೆ ಸುಮ್ಮನೆ ಬಿದ್ದಿರುತ್ತೆ. ಆವತ್ತು ಅದರಿಂದ ಮೊದಲು ಶುಲ್ಕಕ್ಕೆ ಹೋಗುತ್ತೆ, ಆಮೇಲೆ ಬಡ್ಡಿಗೆ, ಉಳಿದದ್ದು ಅಸಲಿಗೆ. ಹಾಗಾಗಿ ಪ್ರತಿ ಸಲ ಅಸಲಿಗೆ ಐನೂರು ಕಡಿಮೆ ಬಿದ್ದಿದೆ. ಕಂತು ಪೂರ್ತಿ ಬರ್ಲಿಲ್ಲ ಅಂತ ಮುನ್ನೂರು ರೂಪಾಯಿ ತಡದ ದಂಡ ಬೇರೆ. ಹದಿನೆಂಟು ತಿಂಗಳು ಹೀಗೇ ಆಗಿದೆ. ಅಸಲಲ್ಲಿ ಕಡಿಮೆಯಾಗದೆ ಉಳಿದಿದ್ದಕ್ಕೆ ಬಡ್ಡೀನೂ ಬೆಳೆದಿದೆ. ನಿಮ್ಮ ಅಸಲು ಉಬ್ಬಿರೋದು ಅದಕ್ಕೇ.”

ನಾನು ಮೆಲ್ಲಗೆ ಇವರ ಕಡೆ ತಿರುಗಿದೆ. ಬ್ಯಾಂಕಿನಲ್ಲಿದ್ದ ನಮ್ಮ ದುಡ್ಡನ್ನು ತೆಗೆದು, ನಾಲ್ಕು ಹೆಜ್ಜೆ ನಡೆದು, ಬ್ಯಾಂಕಿಗೇ ಕಟ್ಟಿ, ಅದಕ್ಕೆ ದಂಡವನ್ನೂ ತೆತ್ತ ಮನುಷ್ಯ ನನ್ನ ಪಕ್ಕದಲ್ಲಿ ಕೂತಿದ್ದರು. ಜೇಬಿನಿಂದ ರಬ್ಬರ್ ಹಾಕಿದ ಒಂದು ಕಟ್ಟು ತೆಗೆದು ಮೇಜಿನ ಮೇಲಿಟ್ಟರು. ಕೌಂಟರಿನ ರಸೀತಿಗಳು. ಒಂದೊಂದೂ ಇಸ್ತ್ರಿ ಮಾಡಿದಷ್ಟು ನೇರ.

“ನಾನು ಒಂದು ದಿನಾನೂ ತಡ ಮಾಡಿಲ್ಲ ಮೇಡಂ,” ಎಂದರು. ಆ ದನಿ ಕೇಳಿ ಅಯ್ಯೋ ಪಾಪ ಎನಿಸಿತು. ಸಿಟ್ಟೂ ಬಂತು. ಎರಡೂ ಒಟ್ಟಿಗೆ ಬರಬಾರದು ಎಂದೇನಿಲ್ಲವಲ್ಲ.

“ಫೋನಿಗೆ ಮೆಸೇಜು ಬಂದಿರುತ್ತಲ್ಲ ಸರ್?” ಮೇಡಂ ಕೇಳಿದರು.

“ಗಾಜು ಒಡೆದಿದೆ. ಸಾಲ ಬೇಕಾ ಅಂತ ಕಳಿಸ್ತಾರಲ್ಲ, ಅದೇ ಇರಬೇಕು ಅಂತ ನೋಡ್ಲಿಲ್ಲ.”

ಮೇಡಂ ನಿಟ್ಟುಸಿರು ಬಿಟ್ಟರು. “ನೋಡಿ, ಐದನೇ ತಾರೀಖಿನ ಹೊತ್ತಿಗೆ ಕಂತು ಬಂದು ಕೂತಿತ್ತು. ಆಮೇಲೂ ನಾವು ಕಡಿತಕ್ಕೆ ಹೋಗಿದೀವಿ. ಅದು ನಮ್ಮ ಕಡೆ ತಪ್ಪು. ಮ್ಯಾನೇಜರ್ ಒಪ್ಪಿದ್ರೆ ಶುಲ್ಕ, ದಂಡ ಎರಡನ್ನೂ ಹಿಂದಿನ ತಾರೀಖಿಂದಾನೇ ತೆಗೆದುಹಾಕಬಹುದು. ಆಗ ಅಸಲು ತಾನಾಗಿ ನಿಮ್ಮ ಪಟ್ಟಿಗೆ ಸರಿಹೋಗುತ್ತೆ. ಒಂದು ಅರ್ಜಿ ಬರೆದುಕೊಡಿ. ಕಡಿತಕ್ಕೆ ಸಹಿ ಮಾಡಿಕೊಟ್ಟ ಮೇಲೂ ಕೈಯಲ್ಲಿ ಯಾಕೆ ಕಟ್ಟಿದ್ರಿ ಅಂತ ಕಾರಣ ಬರೀಬೇಕು. ಅವರು ಕೇಳೋದು ಅದೊಂದನ್ನೇ.”

ಅವರು ಬಿಳಿ ಹಾಳೆ ಕೊಟ್ಟರು. ಇವರ ಕೈಗೆ ಪೆನ್ನು ಕೊಟ್ಟರು. ಇವರು ಬ್ಯಾಂಕಿನ ಹೆಸರು ಬರೆದರು, ವಿಳಾಸ ಬರೆದರು, ‘ಮಾನ್ಯರೇ’ ಬರೆದರು. ಅಲ್ಲಿಗೆ ಪೆನ್ನು ನಿಂತಿತು.

“ಬರೀರಿ,” ಎಂದೆ.

“ಮಿಷನ್ ಮೇಲೆ ನಂಬಿಕೆ ಇರ್ಲಿಲ್ಲ ಅಂತ ಬರೀತೀನಿ.”

“ಮೊದಲ ಇಪ್ಪತ್ತೆರಡು ತಿಂಗಳು ಮಿಷನ್ನೇ ತಗೊಂಡಿದೆಯಲ್ಲ ಸರ್,” ಮೇಡಂ ಪರದೆ ನೋಡುತ್ತಾ ಹೇಳಿದರು. “ಹದಿನೆಂಟು ತಿಂಗಳ ಹಿಂದೆ ಏನಾಯ್ತು?”

ಇವರು ಪೆನ್ನಿನ ಮುಚ್ಚಳ ಹಾಕಿದರು. “ಬೇಡ ಮೇಡಂ. ದಂಡ ಕಟ್ಟಿಬಿಡ್ತೀನಿ. ತಪ್ಪು ನಂದು.”

ನನ್ನ ತಾಳ್ಮೆ ಅಲ್ಲಿಗೆ ಹರಿಯಿತು. “ಎಲ್ಲಿಂದ ಕಟ್ತೀರಿ? ಹೇಳಿ, ಎಲ್ಲಿಂದ? ನಾಳಿದ್ದು ಆ ಮಾಲೀಕ ಕಾಗದ ಹಿಡ್ಕೊಂಡು ಬರ್ತಾನೆ. ಮೂರು ವರ್ಷ! ಆ ಡಾಕ್ಟ್ರು ಒಂದು ವರ್ಷ ಅಂದಿದ್ದು ನೆನಪಿದೆ ತಾನೆ? ಒಂದು ಸಾಲು ಬರೆಯೋಕೆ ನಿಮ್ಗೇನು ಬಂದಿದೆ? ತಿಂಗಳು ತಿಂಗಳೂ ಕೌಂಟರಲ್ಲಿ ಕಿಲೋಗಟ್ಟಲೆ ಬಟ್ಟೆ ನನ್ನ ತಲೆ ಮೇಲೆ ಹಾಕಿ, ಬ್ಯಾಂಕಲ್ಲಿ ಕೆಲಸ ಇದೆ ಅಂತ ಗರಿಗರಿ ಅಂಗಿ ತೊಟ್ಟು ಬರ್ತಿದ್ರಲ್ಲ, ಇದೇನಾ ಕೆಲಸ?”

ಪಕ್ಕದ ಸಾಲಿನವರು ತಿರುಗಿ ನೋಡಿದರು. ನೋಡಲಿ. ಮೇಡಂ ಪಾಪ, ತಮ್ಮ ತಣ್ಣನೆ ಚಹಾವನ್ನು ನನ್ನ ಕಡೆ ಸರಿಸಿದರು. ಅವರಿಗೂ ಏನು ಮಾಡಬೇಕೆಂದು ತೋಚಿರಲಿಕ್ಕಿಲ್ಲ.

ಗಲಾಟೆ ಕೇಳಿ ಕಾವಲಿನವನು ಬಂದ. ಬಂದವನು ಇವರ ಕೈಗೆ ಒಂದು ಲೋಟ ನೀರು ಕೊಟ್ಟ, ಕೇಳದೆಯೇ, ದಿನಾ ಕೊಡುವವನ ಹಾಗೆ. “ಬಯ್ಬೇಡಿ ತಾಯಿ,” ಎಂದ ನನಗೆ. “ಪಾಪ, ಇಲ್ಲಿ ಬಂದು ಕೂತ್ಕೊಂಡ್ರೆ ಅವರಿಗೆ ಸ್ವಲ್ಪ ಸಲೀಸಾಗುತ್ತೆ.”

“ಏನು ಸಲೀಸಾಗುತ್ತೆ?”

ಅವನು ಇವರ ಮುಖ ನೋಡಿದ. ಹೇಳಬಾರದ್ದು ಹೇಳಿಬಿಟ್ಟೆನೆಂದು ಗೊತ್ತಾಗಿ ಬಾಗಿಲಿಗೆ ಹೊರಟುಹೋದ.

ಇವರು ನೀರು ಕುಡಿದು ಲೋಟ ಮೇಜಿನ ಮೇಲಿಟ್ಟರು. ನನ್ನನ್ನು ನೋಡಲಿಲ್ಲ. ಮೇಡಂ ಕಡೆಗೇ ತಿರುಗಿ ಹೇಳಿದರು:

“ಇಲ್ಲಿ ಉಸಿರು ಬರುತ್ತೆ ಮೇಡಂ. ಕೆಮ್ಮು ಶುರುವಾದ ಮೇಲೆ ಒಂದಿನ ಪಾಸ್‌ಬುಕ್ ಬರೆಸೋಕೆ ಬಂದೆ. ಇಲ್ಲಿ ಕೂತಾಗ ಎದೆ ಬಿಗಿತ ಬಿಟ್ಟಿತು. ಪೂರಾ ಉಸಿರು ಒಳಗೆ ಹೋಯ್ತು. ಎಷ್ಟು ದಿನ ಆಗಿತ್ತೋ ಹಾಗೆ ಹೋಗಿ. ಕೆಲಸ ಇಲ್ದೆ ಬಂದು ಕೂತ್ರೆ ಇವನ್ಯಾರು ಅಂತ ಕೇಳ್ತಾರಲ್ಲ. ಅಂಗಡಿ ಬಿಟ್ಟು ಬರೋಕೆ ಇವಳಿಗೂ ಒಂದು ಕಾರಣ ಹೇಳ್ಬೇಕು. ಕಂತು ಕಟ್ಟೋಕೆ ಬಂದೋನ್ನ ಯಾರು ಎಬ್ಬಿಸ್ತಾರೆ? ಟೋಕನ್ ತಗೊಂಡು ದುಡ್ಡು ತೆಗೆಯೋಕೆ ಒಂದು ಸಲ ಕಾಯ್ಬೇಕು, ಕಟ್ಟೋಕೆ ಇನ್ನೊಂದು ಸಲ ಕಾಯ್ಬೇಕು. ಒಂದು ಗಂಟೆ ಸಿಗ್ತಿತ್ತು.”

ತಿಂಗಳಿಗೆ ಒಂದು ಗಂಟೆ. ಉಳಿದ ದಿನವೆಲ್ಲ ಆ ಒಂದೇ ಕಿಟಕಿಯ ಕೋಣೆಯಲ್ಲಿ ಇವರು ಹೇಗೆ ನಿಂತಿದ್ದರು? ನಾನು ಮುಂದಿನ ಕೌಂಟರಿನಲ್ಲಿ ಬೀದಿಯ ಗಾಳಿಯಲ್ಲಿ ಕೂತು, “ಬೇಗ ಬೇಗ” ಎಂದು ಒಳಗೆ ಕೂಗುತ್ತಿದ್ದೆ. ಎರಡನೇ ತಾರೀಖು ಇವರು ಹೊರಟರೆ ಕೆಲಸಗಳ್ಳ ಎಂದು ಗೊಣಗುತ್ತಿದ್ದೆ. ನನಗೆ ಹೇಳಿದ್ದರೆ ಅಂಗಡಿಯನ್ನು ಅಂದೇ ಮುಚ್ಚಿಸುತ್ತಿದ್ದೆ. ಅದು ಇವರಿಗೂ ಗೊತ್ತಿತ್ತು, ಅದಕ್ಕೇ ಹೇಳಲಿಲ್ಲ. ಮುಚ್ಚಿದರೆ ಕಂತು ಯಾರು ಕಟ್ಟುತ್ತಾರೆ ಎಂಬ ಚಿಂತೆ ಇವರಿಗೆ ಎದೆಯ ಚಿಂತೆಗಿಂತ ದೊಡ್ಡದು. ನನಗೆ ಅಳು ಬಂತು. ಬಂದದ್ದನ್ನು ತಡೆಯಲಿಲ್ಲ.

“ಹಾಗೇ ಬರೀರಿ ಸರ್,” ಎಂದರು ಮೇಡಂ.

“ಇದನ್ನಾ?”

“ಇದನ್ನೇ. ನಿಮಗಾಗದಿದ್ರೆ ಅಮ್ಮ ಬರೀಲಿ, ನೀವು ಸಹಿ ಹಾಕಿ.”

ನಾನು ಪೆನ್ನು ತೆಗೆದುಕೊಂಡೆ. ಇವರು ಹೇಳಿದ ಮಾತನ್ನೇ ಬರೆದೆ. ಆರೋಗ್ಯ ಸರಿಯಿಲ್ಲದ ಕಾರಣ ಬ್ಯಾಂಕಿನ ತಂಪಿನಲ್ಲಿ ಕೂರುವುದಕ್ಕಾಗಿ ಕಂತನ್ನು ಕೈಯಿಂದ ಕಟ್ಟುತ್ತಿದ್ದೆ, ಯಾವ ತಿಂಗಳೂ ತಡ ಮಾಡಿಲ್ಲ, ರಸೀತಿಗಳನ್ನು ಲಗತ್ತಿಸಿದೆ. ‘ತಡ ಮಾಡಿಲ್ಲ’ ಎಂಬಲ್ಲಿ ಕೆಳಗೆ ಗೆರೆ ಎಳೆ ಎಂದರು ಇವರು. ಎಳೆದೆ. ಆಮೇಲೆ ಸಹಿ ಹಾಕಿದರು.

ಮ್ಯಾನೇಜರು ಗಾಜಿನ ಕೋಣೆಯಲ್ಲಿ ಅರ್ಜಿ ಓದುವುದು ನಮಗೆ ಕಾಣುತ್ತಿತ್ತು. ಓದಿದರು, ರಸೀತಿಯ ಕಟ್ಟು ತಿರುವಿದರು, ಒಮ್ಮೆ ತಲೆಯೆತ್ತಿ ಹೊರಗಿನ ಕುರ್ಚಿಗಳ ಕಡೆ ನೋಡಿದರು. ಆಮೇಲೆ ಏನೋ ಬರೆದು ಸಹಿ ಹಾಕಿದರು. ಮೇಡಂ ಹಿಂತಿರುಗಿ ಬಂದು, “ಒಪ್ಪಿದ್ರು,” ಎಂದಷ್ಟೇ ಹೇಳಿದರು.

ಸಂಜೆಯೊಳಗೆ ಹೊಸ ಸ್ಟೇಟ್‌ಮೆಂಟ್ ಬಂತು. ಮೇಡಂ ಪೆನ್ನಿನ ತುದಿಯಿಂದ ಒಂದೊಂದೇ ಸಾಲು ತೋರಿಸಿದರು, ನಾನು ನನ್ನ ಪಟ್ಟಿಗೆ ಹಿಡಿದು ನೋಡಿದೆ. ಅಸಲು ಎರಡು ಲಕ್ಷ ನಲವತ್ತು ಸಾವಿರದ ಎಂಟುನೂರ ನಲವತ್ತೊಂಬತ್ತು. ನಾಲ್ಕು ದಿನದ ಬಡ್ಡಿ ಮುನ್ನೂರ ಹದಿನೇಳು. ದಂಡ ಸೊನ್ನೆ. ಮುಂಚೆ ಮುಚ್ಚುವ ಶುಲ್ಕ ನಾಲ್ಕು ಸಾವಿರದ ಎಂಟುನೂರ ಹದಿನೇಳು. “ಇದನ್ನೂ ಬಿಡಬಾರದಾ?” ಎಂದು ಕೇಳಿ ನೋಡಿದೆ. “ಅದು ಕರಾರು, ಬಿಡೋಕಾಗಲ್ಲ,” ಎಂದರು. ಸರಿಯೇ. ಒಟ್ಟು ಎರಡು ಲಕ್ಷ ನಲವತ್ತೈದು ಸಾವಿರದ ಒಂಬೈನೂರ ಎಂಬತ್ತಮೂರು. ಲಾಡ್ಜಿನವರ ದುಡ್ಡಿನಲ್ಲಿ ಹದಿನೇಳು ರೂಪಾಯಿ ಮಿಗುತ್ತಿತ್ತು.

“ಕಡಿತದ ಆದೇಶ ನಾನೇ ರದ್ದು ಮಾಡ್ತೀನಿ,” ಎಂದರು ಮೇಡಂ. “ಇಲ್ದಿದ್ರೆ ಮುಂದಿನ ಐದಕ್ಕೆ ಆ ಮಿಷನ್ನು ಮತ್ತೆ ಬರುತ್ತೆ. ಅದಕ್ಕೇನು ಗೊತ್ತು?”

ಒಂಬತ್ತನೇ ತಾರೀಖು ಲಾಡ್ಜಿನವರು ಬಂದು ಬ್ಯಾಂಕಿನಲ್ಲೇ ದುಡ್ಡು ವರ್ಗಾಯಿಸಿದರು. ಸಾಲದ ಖಾತೆಯಲ್ಲಿ ಬಾಕಿ ಸೊನ್ನೆ ಎಂದು ಮೇಡಂ ಪರದೆ ತಿರುಗಿಸಿ ತೋರಿಸಿದರು. ಇವರು ಕಣ್ಣು ಕಿರಿದು ಮಾಡಿ ಆ ಸೊನ್ನೆಯನ್ನು, ಕಲೆ ಪೂರ್ತಿ ಹೋಯಿತಾ ಎಂದು ನೋಡುವ ಹಾಗೆ ನೋಡಿದರು. ಆಮೇಲೆ ಸಾಲ ತೀರಿದ ಪತ್ರ ಬಂತು. ಓದದೆ ಮಡಚುವವಳಲ್ಲ ನಾನು, ಈಗಂತೂ ಅಲ್ಲ. ಓದಿದೆ. ಮುಕ್ತಾಯದ ದಿನಾಂಕ ಇಪ್ಪತ್ತು ಎಂದಿತ್ತು.

“ಮೇಡಂ!”

“ಅಯ್ಯೋ, ಹಳೇ ಹಾಳೆಯಿಂದ ಬಂದುಬಿಟ್ಟಿದೆ,” ಎಂದು ಅವರು ತಲೆ ಚಚ್ಚಿಕೊಂಡರು. “ಕೂತ್ಕೊಳ್ಳಿ, ಬೇರೆ ಮಾಡಿ ಮ್ಯಾನೇಜರ್ ಸಹಿ ಹಾಕಿಸಿ ಕೊಡ್ತೀನಿ. ಸ್ವಲ್ಪ ಹೊತ್ತಾಗುತ್ತೆ.”

ತಾರೀಖು ತಪ್ಪಿದ್ದರೆ ಇಪ್ಪತ್ತರವರೆಗೆ ಯಂತ್ರ ಅಡವಿನಲ್ಲೇ ಇದೆ ಎಂದಾಗುತ್ತಿತ್ತು, ಲಾಡ್ಜಿನವರು ಮುಟ್ಟುತ್ತಿರಲಿಲ್ಲ. ಅವರು ಸಂಜೆ ಅಂಗಡಿಗೇ ಬಂದು ಎತ್ತುತ್ತೇವೆ ಎಂದು ಹೊರಟರು. ನಾವಿಬ್ಬರೂ ಗೋಡೆಯ ಪಕ್ಕದ ಕುರ್ಚಿಗಳಲ್ಲಿ ಕೂತೆವು. ಇವರು ಮೂಲೆಯದನ್ನೇ ಆರಿಸಿಕೊಂಡರು. ಆ ಕುರ್ಚಿಯ ನೆತ್ತಿಯ ಮೇಲೆ ನೇರವಾಗಿ ತಣ್ಣನೆಯ ಗಾಳಿ ಬೀಳುತ್ತಿತ್ತು.

“ಇದು ನನ್ನ ಜಾಗ,” ಎಂದರು, ಸ್ವಲ್ಪ ನಾಚಿಕೊಂಡು.

“ಗೊತ್ತಾಯ್ತು.”

“ಇನ್ನು ಮೇಲೆ ಇಲ್ಲಿಗೆ ಬರೋಕೆ ಏನೂ ಕಾರಣ ಇಲ್ಲ.”

ನನಗೆ ಬೈಗುಳ ಬಾಯಿಗೆ ಬಂದಿತ್ತು. ಇನ್ನು ಆ ಆವಿಯೇ ಇಲ್ಲವಲ್ಲ, ಎಲ್ಲಿ ಕೂತರೂ ಉಸಿರಾಡಬಹುದು, ಮನೆಯಲ್ಲಿ ಎರಡು ಕಿಟಕಿ ಇದೆ ಎಂದು ಹೇಳಬೇಕೆಂದುಕೊಂಡೆ. ಹೇಳಲಿಲ್ಲ. ಆ ಎರಡು ಕಿಟಕಿಯೂ ಬೀದಿಯ ಹೊಗೆಗೆ ತೆರೆದಿರುವುದು ಇಬ್ಬರಿಗೂ ಗೊತ್ತು. ಆವಿ ಬಿಟ್ಟರೆ ವಾಸಿಯಾಗುತ್ತದೆ ಎಂದು ಡಾಕ್ಟರು ಹೇಳಿರಲಿಲ್ಲ, ಬಿಡಬೇಕು ಎಂದಷ್ಟೇ ಹೇಳಿದ್ದು.

ಮೇಡಂ ಪತ್ರ ತಂದುಕೊಟ್ಟರು. ದಿನಾಂಕ ಒಂಬತ್ತು. ಹೆಸರು, ಸಾಲದ ನಂಬರು, ಯಂತ್ರಗಳ ನಂಬರು, ಮೊಹರು, ಸಹಿ. ಎಲ್ಲ ಸರಿ ಇತ್ತು. ಮಡಚಿ ಚೀಲದಲ್ಲಿಟ್ಟುಕೊಂಡೆ. ಅಂಗಡಿ ಖಾಲಿ ಮಾಡುವುದಿತ್ತು, ಗಿರಾಕಿಗಳ ಉಳಿದ ಬಟ್ಟೆ ಹಂಚುವುದಿತ್ತು, ನಾಳೆ ಕೀಲಿ ಕೊಡುವುದಿತ್ತು. ಇವರು ಕುರ್ಚಿಯ ಕೈ ಹಿಡಿದು ಏಳಲು ನೋಡಿದರು.

“ಕೂತ್ಕೊಳ್ಳಿ,” ಎಂದೆ. “ಇನ್ನೂ ಟೋಕನ್ ಬಂದಿಲ್ಲ.”

“ಯಾವ ಟೋಕನ್?”

ನಾನು ಎದ್ದುಹೋಗಿ ಟೋಕನ್ ಯಂತ್ರದ ಗುಂಡಿ ಒತ್ತಿ ಒಂದು ಚೀಟಿ ಹರಿದು ತಂದು ಇವರ ಕೈಯಲ್ಲಿಟ್ಟೆ. ಕಾವಲಿನವನು ನೋಡಿಯೂ ನೋಡದವನ ಹಾಗೆ ಬಾಗಿಲಿನ ಕಡೆ ತಿರುಗಿ ನಿಂತ. ಇವರು ಚೀಟಿಯನ್ನು ತೊಡೆಯ ಮೇಲಿಟ್ಟು ಬೆರಳಿನಿಂದ ಅದರ ಮಡಿಕೆ ಸರಿ ಮಾಡಿದರು, ತಲೆಯನ್ನು ಗೋಡೆಗೆ ಒರಗಿಸಿ ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೆ ಉಸಿರು ಉದ್ದವಾಯಿತು. ನಮ್ಮ ನಂಬರು ಕರೆದರು. ಮೇಡಂ ತಮ್ಮ ಮೇಜಿನಿಂದ ತಲೆ ಎತ್ತಿ ನನ್ನನ್ನು ನೋಡಿದರು. ನಾನು ಏಳಲಿಲ್ಲ, ಅವರು ಮುಂದಿನ ನಂಬರು ಕರೆಸಿದರು.